ವಾಪಸ್ ಬಂದ ಪ್ಯಾಂಟು ಯಾವ ರೇಟಿಗೆ ಗೋಡೌನ್ ಸೇರಬೇಕು?

ಪ್ರಶ್ನೆ: ಮೇಡಂ, ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೋಲ್‌ಸೇಲ್. ಯೂನಿಟ್‌ನಿಂದ 420ಕ್ಕೆ ತಂದು 600ಕ್ಕೆ ಮಾರ್ತೀವಿ. ರಾಯಚೂರಿನ ಒಂದು ಅಂಗಡಿಗೆ ಹೋದ 100 ಪೀಸಿನಲ್ಲಿ 20 ಪೀಸು ಮಾರ್ಚ್ 28ಕ್ಕೆ ವಾಪಸ್ ಬಂತು. ಕ್ರೆಡಿಟ್ ನೋಟ್ ಏಪ್ರಿಲ್‌ನಲ್ಲಿ ಕೊಟ್ರೆ ಆಗಲ್ವಾ? ಸ್ಟಾಕಿಗೆ 600ಕ್ಕೆ ಹಾಕಬೇಕಾ, 420ಕ್ಕಾ?

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಇದೇ ಪ್ರಶ್ನೆ ಬರುತ್ತದೆ. ಅಷ್ಟರಲ್ಲಿ ಲೆಕ್ಕ ಕೆಟ್ಟಿರುತ್ತದೆ. ಅದಕ್ಕೆ ಈ ಸಲ ಪೂರ್ತಿ ಬರೆಯುತ್ತೇನೆ.

ಮೊದಲು ರೇಟು. ಕ್ರೆಡಿಟ್ ನೋಟ್ 600ಕ್ಕೆ, ಸ್ಟಾಕ್ 420ಕ್ಕೆ. ನೋಟಿನಲ್ಲಿ 20 ಪೀಸಿಗೆ 12,000 ಮತ್ತು ಶೇಕಡಾ 5ರ ಜಿಎಸ್‌ಟಿ 600, ಒಟ್ಟು 12,600 ರೂಪಾಯಿ. ಹಳೆಯ ಬಿಲ್ಲಿನ ನಂಬರು ಮತ್ತು ತಾರೀಖು ಅದರ ಮೇಲೆ ಇರಲಿ. ಗೋಡೌನಿಗೆ ಮಾತ್ರ ಅದೇ 20 ಪೀಸು 8,400 ರೂಪಾಯಿಗೆ ಒಳಗೆ ಬರುತ್ತದೆ. ನೀವು ಕೊಟ್ಟ ಬೆಲೆ ಅಷ್ಟೇ ಅಲ್ವಾ? 600ಕ್ಕೆ ಹಾಕಿದರೆ ಮಾರದ ಮಾಲಿನ ಮೇಲೆ 3,600 ರೂಪಾಯಿ ಲಾಭ ತೋರಿಸಿದಂತೆ. ಅದಕ್ಕೆ ಆದಾಯ ತೆರಿಗೆಯನ್ನೂ ಕಟ್ಟುತ್ತೀರಿ.

ಇನ್ನು ಮಾರ್ಚ್ 28. ಜಿಎಸ್‌ಟಿ ಮಟ್ಟಿಗೆ ಏಪ್ರಿಲ್ ತಾರೀಖಿನ ನೋಟ್ ತಪ್ಪಲ್ಲ, ಅದು ಏಪ್ರಿಲ್‌ನ ರಿಟರ್ನ್‌ನಲ್ಲಿ ಹೋಗುತ್ತದೆ. ಕೆಡುವುದು ನಿಮ್ಮ ವರ್ಷದ ಲೆಕ್ಕ. ಮಾರ್ಚ್ 31ಕ್ಕೆ ಹುಡುಗರು ಗೋಡೌನ್ ಎಣಿಸುತ್ತಾರೆ. ವಾಪಸ್ ಬಂದ 20 ಪೀಸು ಅಲ್ಲೇ ಇರುವುದರಿಂದ ಅದನ್ನೂ ಎಣಿಸಿ ಬರೆಯುತ್ತಾರೆ. ಆದರೆ ಪುಸ್ತಕದಲ್ಲಿ ಆ 20 ಪೀಸಿನ 12,000 ಮಾರಾಟ ಇನ್ನೂ ನಿಂತೇ ಇದೆ. ಒಂದೇ ಪ್ಯಾಂಟು ಮಾರಿದ್ದೂ ಹೌದು, ಗೋಡೌನಿನಲ್ಲಿ ಇರುವುದೂ ಹೌದು ಎಂದಾಯಿತು. ಖರೀದಿ 8,400, ಮಾರಾಟ 12,000, ಉಳಿದ ಸ್ಟಾಕ್ ಮತ್ತೆ 8,400. ಅಲ್ಲಿಗೆ ಪೂರ್ತಿ 12,000 ಸುಳ್ಳು ಲಾಭ. ಮುಂದಿನ ವರ್ಷ ಅಷ್ಟೇ ಕಡಿಮೆ ಬಿದ್ದು ಸರಿಹೋಗುತ್ತದೆ ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ತೆರಿಗೆ ಈ ವರ್ಷವೇ ಕಟ್ಟಿರುತ್ತೀರಿ, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಪಟ್ಟಿಯೂ ಪುಸ್ತಕದ ಜೊತೆ ಕೂಡುವುದಿಲ್ಲ.

ಹಾಗಾಗಿ ಮಾಲು ಇಳಿದ ದಿನವೇ ನೋಟ್ ಮಾಡಿ. ತಡವಾಗಿ ಏಪ್ರಿಲ್ ಆಗಿಯೇ ಹೋಗಿದ್ದರೆ, ಮಾರ್ಚ್ 31ರ ತಾರೀಖಿಗೆ ಮಾರಾಟದಲ್ಲಿ 12,000 ಕಡಿಮೆ ಮಾಡುವ ಒಂದು ಎಂಟ್ರಿ ಹಾಕಿ. ಏಪ್ರಿಲ್‌ನ ನೋಟ್ ಬಂದಾಗ ಅದನ್ನು ಇದಕ್ಕೆ ಹೊಂದಿಸಿ, ಎರಡನೇ ಸಲ ಮಾರಾಟದಿಂದ ಕಳೆಯಬೇಡಿ.

ಈಗ ನೀವು ಕೇಳದೇ ಬಿಟ್ಟ ಮಾತು. ಆ 20 ಪೀಸು ಯಾವ ಸ್ಥಿತಿಯಲ್ಲಿವೆ? ಹೋದ ವರ್ಷ ಒಬ್ಬರ ಗೋಡೌನಿಗೆ ಹೋಗಿದ್ದೆ. ಮೆಟ್ಟಿಲ ಕೆಳಗೆ ವಾಪಸ್ ಬಂದ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಮೇಲಿನ ಚೀಲಕ್ಕೆ ಪಿನ್ ಮಾಡಿದ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ "20 ಪೀ." ಎಂದಷ್ಟೇ ಇತ್ತು. ಯಾರಿಂದ, ಯಾವ ಬಿಲ್ಲು, ಯಾಕೆ ವಾಪಸ್, ಒಂದೂ ಇಲ್ಲ. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಜಿಪ್ ಕಿತ್ತವು. ಪುಸ್ತಕದಲ್ಲಿ ಎಲ್ಲವೂ ಹೊಸ ಮಾಲೇ.

ನಿಮ್ಮ 20ರಲ್ಲಿ 14 ಸರಿ ಇವೆ, 4ಕ್ಕೆ ಜಿಪ್ ಕೆಟ್ಟಿದೆ, 2ಕ್ಕೆ ಬ್ಲೀಚ್ ಕಲೆ ಬಿದ್ದು ಪ್ರಯೋಜನವಿಲ್ಲ ಎಂದುಕೊಳ್ಳಿ. 14 ಪೀಸು 420ರಂತೆ 5,880ಕ್ಕೆ ಒಳ್ಳೆಯ ಮಾಲಿಗೆ ಸೇರಲಿ. ಜಿಪ್ ಕೆಟ್ಟ 4 ಪೀಸಿಗೆ ಸೆಕೆಂಡ್ಸ್ ಎಂದು ಬೇರೆ ಐಟಂ ಮಾಡಿ. 250ಕ್ಕೆ ಹೋಗುವುದಾದರೆ ಅವುಗಳ ಬೆಲೆ 1,000, ಉಳಿದ 680 ನಷ್ಟ. ಯೂನಿಟ್‌ನವರು ವಾಪಸ್ ತಗೊಳ್ಳಲು ಒಪ್ಪಿದರೆ ಮಾತ್ರ ಅವರಿಗೆ ಡೆಬಿಟ್ ನೋಟ್ ಕೊಟ್ಟು 420ರಲ್ಲೇ ಕಳಿಸಿ. ಕಲೆ ಬಿದ್ದ 2 ಪೀಸಿನ 840 ಪೂರ್ತಿ ನಷ್ಟ. ಆ ಎರಡಕ್ಕೆ ಖರೀದಿಯಲ್ಲಿ ತೆಗೆದುಕೊಂಡ ತೆರಿಗೆ ಕ್ರೆಡಿಟ್ ಪೀಸಿಗೆ 21ರಂತೆ 42 ರೂಪಾಯಿ. ಅದನ್ನು ರಿವರ್ಸ್ ಮಾಡಲೇಬೇಕು. ಚಿಕ್ಕ ಮೊತ್ತ ಎಂದು ಬಿಡುವವರ ಲೆಕ್ಕದಲ್ಲಿ ಅದೇ ತಪ್ಪು ವರ್ಷವಿಡೀ ಕೂಡುತ್ತಾ ಹೋಗುತ್ತದೆ.

ಟ್ಯಾಲಿಯಲ್ಲಿ ಒಂದು ಗುಂಡಿ ಇದೆ, ಗುಮಾಸ್ತರು ಅದರಲ್ಲೇ ಬೀಳುತ್ತಾರೆ. ಮಾಲು ಬಂದಾಗ `Rejections In` ಹಾಕುತ್ತಾರೆ, ಆಮೇಲೆ `Credit Note`ನಲ್ಲೂ ಅದೇ ಐಟಂ ಹಾಕುತ್ತಾರೆ. ಎರಡಕ್ಕೂ ಒಂದೇ `Tracking Number` ಕೊಡದಿದ್ದರೆ 20 ಪೀಸು 40 ಆಗಿ ಸ್ಟಾಕ್ ಸೇರುತ್ತದೆ. ನಿಮ್ಮದು ಚಿಕ್ಕ ವ್ಯಾಪಾರವಾದರೆ `Rejections In` ಬಿಟ್ಟೇಬಿಡಿ. ಐಟಂ ಸಮೇತ `Credit Note` ಒಂದೇ ಸಾಕು.

ಎಲ್ಲಾ ಹಾಕಿದ ಮೇಲೆ ಹೀಗೆ ತಾಳೆ ನೋಡಿ. ಮಾರಾಟ 60,000ದಲ್ಲಿ 12,000 ಕಳೆದರೆ 48,000, ಅದನ್ನು 600ರಿಂದ ಭಾಗಿಸಿದರೆ 80 ಪೀಸು. ಮಾರಿದ ಮಾಲಿನ ಅಸಲು 33,600, ಅದನ್ನು 420ರಿಂದ ಭಾಗಿಸಿದರೂ 80 ಬರಬೇಕು. ನಷ್ಟದ 1,520 ಇದರಲ್ಲಿ ಸೇರಬಾರದು, ಅದಕ್ಕೆ ಬೇರೆ ಖಾತೆ ಇರಲಿ. ಅಸಲಿನ ಕಡೆ 100 ಬಂದರೆ ನೋಟ್ ಹಾಕಿದ್ದೀರಿ, ಮಾಲು ಒಳಗೆ ತಂದಿಲ್ಲ. 60 ಬಂದರೆ ಎರಡು ಸಲ ತಂದಿದ್ದೀರಿ. ಬೇರೆ ಬೇರೆ ರೇಟಿನ ಮಾಲು ಇದ್ದರೆ ಈ ಭಾಗಾಕಾರ ನಡೆಯುವುದಿಲ್ಲ, ಆಗ ಐಟಂ ಐಟಂ ಪೀಸು ಎಣಿಸಿಯೇ ನೋಡಬೇಕು. ಕೊನೆಗೆ ನಿಮ್ಮ ಕ್ರೆಡಿಟ್ ನೋಟ್‌ಗಳ ಮೊತ್ತ ಜಿಎಸ್‌ಟಿಆರ್-1ರಲ್ಲಿ ತೋರಿಸಿದ್ದಕ್ಕೆ ಕೂಡಬೇಕು. ರಾಯಚೂರಿನವರಿಗೂ ಫೋನ್ ಮಾಡಿ ಹೇಳಿ. ಅವರು ತೆಗೆದುಕೊಂಡ 600 ರೂಪಾಯಿ ಕ್ರೆಡಿಟ್ ಬಿಟ್ಟುಕೊಡದಿದ್ದರೆ ನಿಮ್ಮ ತೆರಿಗೆ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ಹಳೇ ಬಿಲ್ಲು ಕ್ಯಾನ್ಸಲ್ ಮಾಡಿ 80 ಪೀಸಿಗೆ ಹೊಸದು ಬರೆದ್ರೆ ಮುಗೀತು ಅಂತಾರೆ ನಮ್ಮ ಲೆಕ್ಕದವರು. — ಸಿಂಧನೂರು

ಮಾಲು ಹೋಗಿ, ರಿಟರ್ನ್ ಹಾಕಿ, ಕೊಂಡವರು ಕ್ರೆಡಿಟ್ ತೆಗೆದುಕೊಂಡ ಬಿಲ್ಲನ್ನು ಕ್ಯಾನ್ಸಲ್ ಮಾಡಲು ಆಗುವುದಿಲ್ಲ. ಹೀಗೆ ಹೇಳಿಕೊಟ್ಟು ಫೀಸು ತಗೊಳ್ಳುವವರನ್ನು ದಯವಿಟ್ಟು ಬಿಡಿ. ನೋಟೀಸು ಬರುವುದು ನಿಮ್ಮ ಹೆಸರಿಗೆ.

ಪ್ರಶ್ನೆ: ಮಾಲು ವಾಪಸ್ ಬಂದಿಲ್ಲ, ಪೀಸಿಗೆ 30 ರೂಪಾಯಿ ಬಿಟ್ಟುಕೊಟ್ಟೆ. ಅದೂ ಸೇಲ್ಸ್ ರಿಟರ್ನಾ? — ಗಂಗಾವತಿ

ಅಲ್ಲ. ನೋಟ್ ಕೊಡಿ, ಸ್ಟಾಕ್ ಮುಟ್ಟಬೇಡಿ.

ಪ್ರಶ್ನೆ: 1,400 ರೂಪಾಯಿ ಪ್ಯಾಂಟು 2025ರ ಆಗಸ್ಟ್‌ನಲ್ಲಿ ಶೇ 12ಕ್ಕೆ ಮಾರಿದ್ದೆ. ವಾಪಸ್ ಬರುವಾಗ ತೆರಿಗೆ ಶೇ 5 ಆಗಿತ್ತು. ನೋಟ್ ಯಾವುದರಲ್ಲಿ? — ಕೊಪ್ಪಳ

ಮಾರಿದಾಗಿನ ಶೇಕಡಾ 12ರಲ್ಲೇ. ಸೆಪ್ಟೆಂಬರ್ 22ರ ಹೊಸ ದರ ಹಳೆಯ ಮಾರಾಟಕ್ಕೆ ತಗಲುವುದಿಲ್ಲ. ಅದೇ ಪ್ಯಾಂಟನ್ನು ಮತ್ತೆ ಮಾರುವಾಗ ಹಾಕುವುದು ಶೇಕಡಾ 5.

ಪ್ರಶ್ನೆ: ಎರಡು ವರ್ಷದ ಹಿಂದಿನ ಮಾಲು ಈಗ ವಾಪಸ್ ಕೊಡ್ತಿದಾರೆ. ಜಿಎಸ್‌ಟಿ ಕಳೀಬಹುದಾ? — ರಾಯಚೂರು

ಆಗಲ್ಲ. ಮಾರಿದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಹಾಕಿದ ದಿನ, ಯಾವುದು ಮೊದಲೋ ಅಲ್ಲಿಗೆ ಬಾಗಿಲು ಮುಚ್ಚಿತು. ತೆರಿಗೆ ಬಿಟ್ಟು ಬರೀ ಮಾಲಿನ ಬೆಲೆಗೆ ನೋಟ್ ಕೊಡಿ. ಸ್ಟಾಕಿಗೆ ಹಾಕುವ ಮುಂಚೆ ಒಂದೊಂದು ಪೀಸೂ ಬಿಡಿಸಿ ನೋಡಿ. ಎರಡು ವರ್ಷ ಮಡಚಿಟ್ಟ ಜೀನ್ಸ್‌ಗೆ ಮಡಿಕೆಯಲ್ಲಿ ಬಣ್ಣ ಹೋಗಿರುತ್ತದೆ, ಅದಕ್ಕೆ ಹಳೆಯ ಬೆಲೆ ಹಾಕಬೇಡಿ.