ಮುಖ ಸಾಕು ಮೇಡಂ, ನಿಮ್ಮ ಕೈ ತೋರಿಸಿ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ನನ್ನ ಒಂದು ಫೋಟೋವನ್ನು ತಂತ್ರಾಂಶಕ್ಕೆ ಹಾಕಿ ಮಾತನಾಡುವ ಅವತಾರ್ ಮಾಡಿಕೊಂಡು, ‘ಬೆಳಕಿನ ಪ್ರತಿಫಲನ’ ಪಾಠವನ್ನು ಒಂಬತ್ತು ನಿಮಿಷದ ವಿಡಿಯೊ ಮಾಡಿದ್ದೇನೆ. ದನಿ ಕಂಪ್ಯೂಟರಿನದು. ನಮ್ಮ ಹೆಡ್‌ಮಾಸ್ಟರಿಗೆ ತುಂಬಾ ಹಿಡಿಸಿತು. ಮಕ್ಕಳು ಮಾತ್ರ “ಮಿಸ್, ಇದು ನೀವಲ್ಲ” ಎಂದು ನಕ್ಕುಬಿಟ್ಟರು. ವಿಡಿಯೊ ಕಳಿಸಿದ್ದೇನೆ. ಎಲ್ಲಿ ಎಡವಟ್ಟಾಗಿದೆ? ಉಳಿದ ಪಾಠಗಳನ್ನೂ ಹೀಗೇ ಮಾಡಲಾ? ಬೇರೆ ಶಾಲೆಗಳ ಪಾಠಕ್ಕೂ ನನ್ನ ಅವತಾರನ್ನೇ ಬಳಸುತ್ತೇವೆ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದಾ?
— ಒಬ್ಬ ಪ್ರೌಢಶಾಲಾ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಸಂಪಾದಕರ ಉತ್ತರ: ಮೇಡಂ, ನಿಮ್ಮ ಮಕ್ಕಳ ಕಣ್ಣು ಬಹಳ ಚುರುಕು. ವಿಡಿಯೊದಲ್ಲಿ ನಿಮ್ಮ ಸೆರಗು ಬಲಭುಜದ ಮೇಲಿದೆ. ಅಂದರೆ ನೀವು ಫೋನಿನ ಮುಂದಿನ ಕ್ಯಾಮೆರಾದಲ್ಲಿ ಸೆಲ್ಫಿ ತೆಗೆದಿದ್ದೀರಿ, ಫೋನು ಅದನ್ನು ಕನ್ನಡಿಯಲ್ಲಿ ಕಂಡ ಹಾಗೇ ಎಡಬಲ ತಿರುಗಿಸಿ ಉಳಿಸಿದೆ. ಕನ್ನಡಿಯಲ್ಲಿ ಕಾಣುವ ಮುಖ ನಿಮಗೆ ದಿನಾ ಪರಿಚಿತ, ಹಾಗಾಗಿ ನಿಮಗೆ ಏನೂ ಅನ್ನಿಸಲಿಲ್ಲ. ಮಕ್ಕಳು ನಿಮ್ಮನ್ನು ನೋಡುವುದು ಎದುರಿನಿಂದ. ಬೈತಲೆ, ಮೂಗುತಿ, ಸೆರಗು ಎಲ್ಲವೂ ಅವರಿಗೆ ಅದಲುಬದಲಾಗಿ ಕಂಡಿದೆ. ಇದನ್ನು ಸರಿ ಮಾಡುವುದು ಸುಲಭ. ಹಿಂದಿನ ಕ್ಯಾಮೆರಾದಲ್ಲಿ ಬೇರೆಯವರಿಂದ ಫೋಟೋ ತೆಗೆಸಿಕೊಳ್ಳಿ. ಕ್ಯಾಮೆರಾ ಕಣ್ಣಿನ ಎತ್ತರಕ್ಕಿರಲಿ, ಬೆಳಕು ಎದುರಿನಿಂದ ಬರಲಿ, ಜುಮುಕಿ ಬೇಡ. ತಲೆ ಆಡಿದಾಗ ಜುಮುಕಿಯೂ ತೂಗಬೇಕು ಎಂದು ಆ ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ, ಕಿವಿಗೆ ಅಂಟಿಸಿದ ಹಾಗೆ ಕಾಣುತ್ತದೆ. ಹಲ್ಲು ಕಾಣುವ ನಗುವೂ ಬೇಡ. ಫೋಟೋದಲ್ಲಿ ನಕ್ಕರೆ ಪಾಠದ ಉದ್ದಕ್ಕೂ ಕೆನ್ನೆಯಲ್ಲಿ ಆ ನಗು ಉಳಿದುಬಿಡುತ್ತದೆ.

ಇನ್ನು ತುಟಿಯ ವಿಷಯ. ನಿಮ್ಮ ಪಾಠದ ಮುಖ್ಯ ಪದಗಳನ್ನೇ ನೋಡಿ. ಬೆಳಕು, ಬಿಂಬ, ಲಂಬ, ಪತನ ಕೋನ, ಪ್ರತಿಫಲನ. ಎಲ್ಲದರಲ್ಲೂ ಪ, ಬ, ಮ ಥರದ ಒಂದಾದರೂ ತುಟಿಯ ಅಕ್ಷರ ಇದೆ. ಎರಡೂ ತುಟಿ ಮುಚ್ಚದೆ ಈ ಅಕ್ಷರಗಳು ಹುಟ್ಟುವುದಿಲ್ಲ. ಟ, ಣ, ಳ ಹೇಳುವಾಗ ನಾಲಿಗೆ ಬಾಯೊಳಗೆ ಮಡಚುವುದರಿಂದ ಅಲ್ಲಿ ಮೋಸ ಮಾಡಿದರೂ ಯಾರಿಗೂ ಕಾಣದು. ತುಟಿಯ ಅಕ್ಷರಗಳಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದರಲ್ಲೂ ‘ಲಂಬ’ದ ಕೊನೆಯಲ್ಲಿ, ‘ಹಬ್ಬ’ದ ಒತ್ತಿನಲ್ಲಿ ತುಟಿ ಮುಚ್ಚಿಕೊಂಡು ಒಂದು ಕ್ಷಣ ನಿಲ್ಲಬೇಕು. ನಿಮ್ಮ ಅವತಾರ್ ಅಲ್ಲಿ ತುಟಿ ಹತ್ತಿರ ತಂದು, ಮುಟ್ಟಿಸದೆ ಮುಂದೆ ಹೋಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ವಿಡಿಯೊವನ್ನು ಕಂಪ್ಯೂಟರಿನಲ್ಲಿ VLC ಎಂಬ ವಿಡಿಯೊ ನೋಡುವ ತಂತ್ರಾಂಶದಲ್ಲಿ ತೆರೆದು, ‘ಲಂಬ’ ಬರುವ ಕಡೆ ನಿಲ್ಲಿಸಿ, `E` ಕೀಲಿ ಒತ್ತುತ್ತಾ ಹೋಗಿ. ಒಂದೊಂದೇ ಚಿತ್ರ ಮುಂದೆ ಸರಿಯುತ್ತದೆ. ಸೆಕೆಂಡಿಗೆ 25 ಚಿತ್ರದ ವಿಡಿಯೊದಲ್ಲಿ ಒಂದು ಚಿತ್ರ ಎಂದರೆ ಸೆಕೆಂಡಿನ 25ನೇ ಒಂದು ಭಾಗ. ಎರಡು ಮೂರು ಚಿತ್ರಗಳಲ್ಲಾದರೂ ತುಟಿ ಪೂರ್ತಿ ಮುಚ್ಚಿರಬೇಕು. ಎಲ್ಲೂ ಮುಚ್ಚದಿದ್ದರೆ, ಮಕ್ಕಳು ನಕ್ಕಿದ್ದಕ್ಕೆ ಅದೂ ಒಂದು ಕಾರಣ. ಹಲ್ಲನ್ನೂ ಗಮನಿಸಿ. ಬಾಯಿ ಮುಚ್ಚಿದ ಫೋಟೋ ಕೊಟ್ಟರೆ ಒಳಗಿನ ಹಲ್ಲನ್ನು ತಂತ್ರಾಂಶ ತಾನೇ ಊಹಿಸಿ ಬರೆಯುತ್ತದೆ, ಅದಕ್ಕೇ ಹಲ್ಲೆಲ್ಲ ಸೇರಿ ಒಂದು ಬಿಳಿ ಪಟ್ಟಿಯ ಹಾಗೆ ಕಾಣುತ್ತದೆ. 2020ರಲ್ಲಿ ಹೈದರಾಬಾದಿನ ಐಐಐಟಿಯವರು ‘ವೇವ್‌ಟುಲಿಪ್’ ಎಂಬ ತುಟಿ ಹೊಂದಿಸುವ ವಿಧಾನ ತಂದರು. ಪ್ರಪಂಚವೆಲ್ಲ ಅದನ್ನು ಬಳಸಿತು. ಅದು ಮುಖವನ್ನು ಉದ್ದಗಲ 96 ಚುಕ್ಕೆಗಳ ಪುಟ್ಟ ಚೌಕದಲ್ಲಿ ಬರೆದು ದೊಡ್ಡ ಚಿತ್ರಕ್ಕೆ ಅಂಟಿಸುತ್ತಿತ್ತು. ಬಾಯಿಯ ಸುತ್ತ ಮಾತ್ರ ಮಸುಕಾಗುತ್ತಿದ್ದದ್ದು ಅದರಿಂದ. ಈಗಿನವು ಎಷ್ಟೋ ಸುಧಾರಿಸಿವೆ, ನಿಜ.

ತುಟಿ ಚೂರು ಹೆಚ್ಚುಕಡಿಮೆಯಾದರೆ ಏನೀಗ ಅನ್ನಬೇಡಿ. 1976ರಲ್ಲಿ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು, ‘ಗ’ ಎನ್ನುವ ಬಾಯಿಯ ಚಿತ್ರಕ್ಕೆ ‘ಬ’ ಎನ್ನುವ ದನಿ ಸೇರಿಸಿ ಜನರಿಗೆ ತೋರಿಸಿದರು. ಹೆಚ್ಚಿನವರಿಗೆ ಕೇಳಿಸಿದ್ದು ‘ಡ’! ನಾವು ಕಿವಿಯಿಂದ ಮಾತ್ರ ಕೇಳುವುದಿಲ್ಲ, ಕಣ್ಣಿನಿಂದಲೂ ಕೇಳುತ್ತೇವೆ. ನಿಮ್ಮ ತರಗತಿಯಲ್ಲಿ ಕಿವಿ ಮಂದವಾಗಿರುವ ಒಂದು ಮಗು ಇದ್ದರೆ ಅದು ನಿಮ್ಮ ತುಟಿ ನೋಡಿಯೇ ಅರ್ಧ ಪಾಠ ಹಿಡಿಯುತ್ತದೆ. ಆ ಮಗುವಿಗೆ ಈ ಅವತಾರ್ ಸುಳ್ಳು ತುಟಿ ತೋರಿಸುತ್ತದೆ. ಕೆಳಗೆ ಕನ್ನಡ ಅಕ್ಷರ ಓಡಿಸದೆ ಇಂಥ ವಿಡಿಯೊ ತೋರಿಸಲೇಬಾರದು ಅನ್ನುತ್ತೇನೆ ನಾನು.

ಅವತಾರಿನಿಂದ ಲಾಭವೇ ಇಲ್ಲ ಎಂದಲ್ಲ. ಕ್ಯಾಮೆರಾ ಎದುರು ಮಾತು ತಡವರಿಸುವವರಿಗೆ ಅದು ಆಸರೆ. ಒಂದು ವಾಕ್ಯ ತಪ್ಪಾದರೆ ಪಠ್ಯ ತಿದ್ದಿ ಮತ್ತೆ ಮಾಡಿಸಿದರೆ ಆಯಿತು, ಪೂರ್ತಿ ಚಿತ್ರೀಕರಣ ಬೇಕಿಲ್ಲ. ಗಂಟಲು ಕೆಟ್ಟ ದಿನವೂ ದನಿ ಒಂದೇ ಥರ. ಮೈಕ್ರೊಸಾಫ್ಟ್‌ನವರ ಗಗನ್, ಸಪ್ನಾ ಎಂಬ ಕನ್ನಡ ದನಿಗಳು ಕೇಳಲು ಸ್ಪಷ್ಟವಾಗಿವೆ. ಬರೆದುಕೊಡುವಾಗ ಮಾತ್ರ ಬಾಯಿಗೆ ಬರುವ ಹಾಗೆ ಬರೆಯಿರಿ. ‘5 ಸೆಂ.ಮೀ.’ ಎಂದು ಬರೆದರೆ ಚುಕ್ಕಿ ಕಂಡ ಕಡೆ ವಾಕ್ಯ ಮುಗಿಯಿತು ಎಂದುಕೊಂಡು ನಿಲ್ಲಬಹುದು. ‘ಐದು ಸೆಂಟಿಮೀಟರ್’, ‘ಮೂವತ್ತು ಡಿಗ್ರಿ’ ಎಂದೇ ಬರೆಯಿರಿ.

ಆದರೆ ಮೇಡಂ, ಬೆನ್ನು ತಟ್ಟಿದ ಹೆಡ್‌ಮಾಸ್ಟರಿಗೂ ನಿಮಗೂ ಕಾಣದೆ ಹೋದದ್ದು ಬೇರೆಯೇ ಇದೆ. ನಿಮ್ಮ ವಿಡಿಯೊದ ನಾಲ್ಕನೇ ನಿಮಿಷ ಮತ್ತೆ ನೋಡಿ. ಪಕ್ಕದಲ್ಲಿ ಕನ್ನಡಿಯ ಗೆರೆ, ಬಂದು ಬೀಳುವ ಕಿರಣ, ಲಂಬ ಎಲ್ಲ ಇವೆ. ಅವತಾರ್ “ಈ ಕೋನವನ್ನು ಗಮನಿಸಿ” ಅನ್ನುತ್ತದೆ. ಯಾವ ಕೋನ? ಅದರ ಕಣ್ಣು ನಮ್ಮ ಮೇಲೇ ಇದೆ. ಮಗುವೂ ಆ ಕಣ್ಣನ್ನೇ ನೋಡುತ್ತದೆ, ಚಿತ್ರವನ್ನಲ್ಲ.

ಈ ಪಾಠದಲ್ಲಿ ಮಕ್ಕಳು ಎಡವುವುದು ಸರಿಯಾಗಿ ಅಲ್ಲೇ ಅಲ್ವಾ? ಕಿರಣ ಕನ್ನಡಿಯ ಜೊತೆ 30 ಡಿಗ್ರಿ ಮಾಡಿದೆ. ಪತನ ಕೋನ ಎಷ್ಟು ಎಂದರೆ ಅರ್ಧ ತರಗತಿ 30 ಅನ್ನುತ್ತದೆ. ಕೋನ ಅಳೆಯಬೇಕಾದ್ದು ಕನ್ನಡಿಯಿಂದಲ್ಲ, ಲಂಬದಿಂದ. ಹಾಗಾಗಿ 60. ತರಗತಿಯಲ್ಲಿ ನೀವು ಏನು ಮಾಡುತ್ತೀರಿ? ಬೋರ್ಡಿಗೆ ತಿರುಗುತ್ತೀರಿ. ನಿಮ್ಮ ಕಣ್ಣು ಮೊದಲು ಹೋಗುತ್ತದೆ, ಹಿಂದೆಯೇ ನಲವತ್ತು ಜೋಡಿ ಕಣ್ಣು ಹೋಗುತ್ತವೆ. ಬೆರಳನ್ನು ಲಂಬದ ಮೇಲಿಟ್ಟು, ಅಲ್ಲಿಂದ ಕಿರಣದ ತನಕ ನಿಧಾನಕ್ಕೆ ಸರಿಸುತ್ತೀರಿ. ಆ ಸರಿಸುವಿಕೆಯೇ ಪಾಠ. ಅವತಾರಿನ ಕೈಯೂ ಆಡುತ್ತದೆ, ಆದರೆ ಸುಮ್ನೆ ಆಡುತ್ತದೆ. ‘ಲಂಬ’ ಅನ್ನುವಾಗಲೂ, ‘ಧನ್ಯವಾದ’ ಅನ್ನುವಾಗಲೂ ಅದೇ ಅಂಗೈ, ಅದೇ ಚಲನೆ.

ಇನ್ನೊಂದು, ಕಾಯುವುದು. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಹೇಳಿದ್ದು ಇದು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡೂ ಸರಿಯಾಗಿ ಕಾಯುವುದಿಲ್ಲ. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿಬಿಡುತ್ತಾರೆ. ಪಠ್ಯದಲ್ಲಿ `<break time="3s"/>` ಎಂದು ಹಾಕಿ ದನಿಯನ್ನು ನಿಲ್ಲಿಸಬಹುದು, ಎಷ್ಟೋ ದನಿಗಳು ಅದನ್ನು ಪಾಲಿಸುತ್ತವೆ. ಮುಖಕ್ಕೆ ಮಾತ್ರ ಕಾಯಲು ಬರುವುದಿಲ್ಲ. ಆ ಮೂರು ಸೆಕೆಂಡು ಅದು ರೆಪ್ಪೆ ಬಡಿಯುತ್ತಾ ತಲೆಯಾಡಿಸುತ್ತದೆ, ಫೋನ್ ಸಂಪರ್ಕ ಕಡಿದವರ ಹಾಗೆ. ನೀವು ಕಾಯುವಾಗ ಹುಬ್ಬೇರುತ್ತದೆ, ಹಿಂದಿನ ಬೆಂಚಿನತ್ತ ನೋಟ ಹೋಗುತ್ತದೆ. ಆ ನೋಟಕ್ಕೆ ಹೆದರಿಯೋ ಖುಷಿಪಟ್ಟೋ ಒಂದು ಕೈ ಮೇಲೇಳುತ್ತದೆ.

ಡಿಡಿ ಕಿಸಾನ್‌ನವರು 2024ರಲ್ಲಿ ಇಬ್ಬರು ಅವತಾರ್ ನಿರೂಪಕರನ್ನು ತಂದರಲ್ಲ, ಅಷ್ಟು ಕಸಿವಿಸಿ ಅನ್ನಿಸಲಿಲ್ಲ. ಸುದ್ದಿ ಓದುವವರು ಕ್ಯಾಮೆರಾ ನೋಡಿಕೊಂಡು ಸೆಟೆದು ಕೂತು ಓದುವುದೇ ರೂಢಿ. ಮೇಷ್ಟರ ಕೆಲಸ ಓದುವುದಲ್ಲ. ಇದನ್ನು ನಮ್ಮಲ್ಲಿ ಎಷ್ಟು ಬೇಗ ಮರೆತುಬಿಟ್ಟರು ನೋಡಿ! ಪಾಠ ಎಂದರೆ ಒಪ್ಪಿಸುವ ಮಾತು, ಮಾತಿಗೊಂದು ಮುಖ ಇದ್ದರೆ ಸಾಕು ಎಂದುಕೊಂಡವರೇ ಇಂಥ ವಿಡಿಯೊ ಕಂಡರೆ ಚಪ್ಪಾಳೆ ತಟ್ಟುತ್ತಾರೆ. ಎಷ್ಟು ವಿಡಿಯೊ ಏರಿಸಿದಿರಿ ಎಂಬ ಲೆಕ್ಕ ಕೇಳುತ್ತಾರೆ. ಸಮತಲ ಕನ್ನಡಿಯ ಒಂದು ಪಟ್ಟಿ, ನಾಲ್ಕು ಗುಂಡುಪಿನ್ನು, ಕೋನಮಾಪಕ, ಬಿಳಿ ಹಾಳೆ ಮಕ್ಕಳ ಕೈಗೆ ಸಿಕ್ಕಿತಾ ಎಂದು ಕೇಳುವವರಿಲ್ಲ. ಆ ಕನ್ನಡಿಗಳು ಎಷ್ಟೋ ಶಾಲೆಗಳ ಬೀರುವಿನಲ್ಲಿ ಬೀಗದೊಳಗೆ ಇವೆ. ಒಡೆದರೆ ಶಿಕ್ಷಕರ ತಲೆಗೆ ಬರುತ್ತದೆ ಎಂಬ ಭಯ. ಈ ಭಯವನ್ನು ತೆಗೆಯದೆ ಅವತಾರ್ ತರಬೇತಿ ಕೊಟ್ಟು ಏನು ಪ್ರಯೋಜನ?

ಉಳಿದ ಪಾಠಗಳಿಗೆ ನನ್ನ ಸಲಹೆ ಇಷ್ಟು. ಅವತಾರ್ ಬೇಕೇ ಬೇಕಿದ್ದರೆ ಮೊದಲ ಇಪ್ಪತ್ತು ಸೆಕೆಂಡು ಬಂದು ಇವತ್ತಿನ ಪ್ರಶ್ನೆ ಕೇಳಲಿ, ಆಮೇಲೆ ಹೋಗಲಿ. ಮೇಜಿನ ಮೇಲೆ ಎರಡು ಕಡೆ ಪುಸ್ತಕ ಪೇರಿಸಿ, ಅಡ್ಡಲಾಗಿ ಎರಡು ಸ್ಕೇಲ್ ಇಟ್ಟು, ಹಿಂದಿನ ಕ್ಯಾಮೆರಾ ಕೆಳಗೆ ನೋಡುವ ಹಾಗೆ ಫೋನನ್ನು ಮಲಗಿಸಿ. ಕೆಳಗೆ ಹಾಳೆ, ಕನ್ನಡಿ, ಪಿನ್ನು. ನಿಮ್ಮ ಕೈ ಗೆರೆ ಎಳೆಯಲಿ, ನಿಮ್ಮ ದನಿಯೇ ಮಾತಾಡಲಿ. ಮುಖ ಕಾಣುವ ಅಗತ್ಯವೇ ಇಲ್ಲ, ನಿಮ್ಮ ಸಂಕೋಚಕ್ಕೂ ಅದು ಒಳ್ಳೆಯದು. ಒಂಬತ್ತು ನಿಮಿಷ ಜಾಸ್ತಿ ಆಯಿತು. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ತಾಣದ ಲಕ್ಷಾಂತರ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಬಂದ ಅಧ್ಯಯನವೊಂದು ಆರು ನಿಮಿಷದೊಳಗಿನ ವಿಡಿಯೊಗಳಲ್ಲೇ ಗಮನ ಚೆನ್ನಾಗಿ ನಿಲ್ಲುತ್ತದೆ ಎಂದಿದೆ. ಬರೀ ಸ್ಲೈಡಿಗಿಂತ, ಬರೆಯುತ್ತಾ ಹೇಳಿಕೊಡುವ ಕೈ ಹೆಚ್ಚು ಹೊತ್ತು ಹಿಡಿದಿಡುತ್ತದೆ ಎಂದೂ ಹೇಳಿದೆ. ಆ ವಿದ್ಯಾರ್ಥಿಗಳು ದೊಡ್ಡವರು. ನಿಮ್ಮವರಿಗೆ ನಾಲ್ಕು ನಿಮಿಷ ಇಟ್ಟುಕೊಳ್ಳಿ.

ಬೇರೆ ಶಾಲೆಗಳಿಗೆ ನಿಮ್ಮ ಮುಖ ಕೊಡುವ ಮಾತಿಗೆ, ದಯವಿಟ್ಟು ಬೇಡ ಅನ್ನಿ. ನೀವು ಓದದ ಪಾಠವನ್ನು ನಿಮ್ಮ ಬಾಯಲ್ಲಿ ಹೇಳಿಸುತ್ತಾರೆ. ಅಲ್ಲಿ ಪತನ ಕೋನವನ್ನು ಯಾರೋ ಕನ್ನಡಿಯಿಂದ ಅಳೆದು ಬರೆದುಕೊಟ್ಟರೆ, ತಪ್ಪು ಕಲಿಸಿದ ಹೆಸರು ನಿಮಗೆ. ಸಿಂಥೀಶಿಯಾ, ಹೇಜೆನ್‌ನಂಥ ಕಂಪನಿಗಳು ವಿಡಿಯೊದಿಂದ ವ್ಯಕ್ತಿಯ ಅವತಾರ್ ಮಾಡುವಾಗ ಆ ವ್ಯಕ್ತಿಯೇ ಕ್ಯಾಮೆರಾ ಎದುರು ಬಂದು ಒಪ್ಪಿಗೆ ಹೇಳಬೇಕು ಎಂದು ಕೇಳುತ್ತವೆ. ಒಂದೇ ಫೋಟೋದಿಂದ ಮಾಡುವ ಕಡೆ ಅಷ್ಟು ಬಿಗಿ ಇಲ್ಲದಿರಬಹುದು. ಆದ್ದರಿಂದ ಹೆಡ್‌ಮಾಸ್ಟರಿಗೆ ಬರವಣಿಗೆಯಲ್ಲೇ ಕೊಡಿ: ಈ ಅವತಾರ್ ಈ ಶಾಲೆಯ ಈ ಪಾಠಕ್ಕೆ ಮಾತ್ರ, ಪಠ್ಯ ಬದಲಾದರೆ ನನಗೆ ತೋರಿಸಬೇಕು, ನಾನು ವರ್ಗವಾಗಿ ಹೋದರೆ ಅಳಿಸಬೇಕು. ಖಾತೆಯ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ.