ಖಾತೆ ನನ್ನ ಹೆಸರಲ್ಲೇ ಇದ್ದರೂ ಅಕ್ಕ-ತಂಗಿ ಸಹಿ ಯಾಕೆ?

"ಅಪ್ಪ ತೀರಿಕೊಂಡ ಮೇಲೆ ಸೈಟಿನ ಖಾತೆ ನನ್ನ ಹೆಸರಿಗೆ ಆಗಿದೆ. ಆದರೂ ಲೋನ್‌ಗೆ ಅಮ್ಮ, ಅಕ್ಕ, ತಂಗಿ ಎಲ್ಲರ ಸಹಿ ಬೇಕಂತೆ. ಯಾಕೆ?"

ಖಾತೆ ಅಂದರೆ ಕಂದಾಯ ಯಾರು ಕಟ್ಟಬೇಕು ಅನ್ನೋ ದಾಖಲೆ ಅಷ್ಟೇ ಸರ್, ಮಾಲೀಕತ್ವ ಅಲ್ಲ. ಸೈಟು ಅಪ್ಪನ ಸ್ವಂತ ದುಡ್ಡಿನದು, ವಿಲ್ ಬರೆದಿಲ್ಲ ಅಂದುಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಿಮ್ಮ ನಾಲ್ಕೂ ಜನಕ್ಕೆ ಸಮಪಾಲು. ಸೈಟು 60 ಲಕ್ಷ ಬಾಳಿದರೆ ನಿಮ್ಮದು 15 ಲಕ್ಷ ಮಾತ್ರ. ನೀವೊಬ್ಬರೇ ಅಡಮಾನ ಇಟ್ಟರೆ ಬ್ಯಾಂಕಿಗೆ ಸಿಗೋದು ಆ ಕಾಲು ಭಾಗ. ನಾಳೆ ಕಂತು ನಿಂತು ಹರಾಜಿಗೆ ಬಂದಾಗ ತಂಗಿ ಪಾಲು ಕೇಳಿ ಕೋರ್ಟಿಗೆ ಹೋದರೆ, ಕೊಳ್ಳೋಕೆ ಯಾರು ಬರ್ತಾರೆ ಹೇಳಿ? ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳೋದು ಇದಕ್ಕೇ.

ಸುಮ್ನೆ ಛಾಪಾ ಕಾಗದದಲ್ಲಿ "ನಮ್ಮ ಅಭ್ಯಂತರ ಇಲ್ಲ" ಅಂತ ನೋಟರಿ ಮಾಡಿಸಿದರೆ ಪಾಲು ನಿಮಗೆ ಬರಲ್ಲ. ದಾರಿ ಎರಡು. ಅವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಬಹುದು. ಆಗ ಸೈಟು ಪೂರ್ತಿ ನಿಮ್ಮದು, ಅವರ ಪಾಲು ಕೈಬಿಟ್ಟಂತೆ. ಇಲ್ಲವೇ ಅವರೂ ನಿಮ್ಮ ಜೊತೆ ಅಡಮಾನಕ್ಕೆ ಸಹಿ ಹಾಕಬಹುದು. ಪಾಲು ಉಳಿಯುತ್ತದೆ, ಆದರೆ ನೀವು ಸಾಲ ತೀರಿಸದಿದ್ದರೆ ಅದೂ ಹೋಗುತ್ತದೆ. ಇದನ್ನು ಅವರಿಗೆ ಮೊದಲೇ ಬಿಡಿಸಿ ಹೇಳಿ. ನಮ್ಮ ಮನೇಲಿ ಹೇಳದೇ ಸಹಿ ಹಾಕಿಸಿ, ಅಕ್ಕ ಎರಡು ವರ್ಷ ಮಾತು ಬಿಟ್ಟಿದ್ದಳು.

ವಾರಸುದಾರರಲ್ಲಿ ಹದಿನೆಂಟು ತುಂಬದವರು ಇದ್ದರೆ ಮಾತ್ರ ಕೆಲಸ ಜಾಸ್ತಿ. ಅವರ ಪಾಲು ಅಡಮಾನ ಇಡೋಕೆ ಕೋರ್ಟಿನ ಅನುಮತಿ ಬೇಕು.