ಕೋಡುಬಳೆಯ ಮೂವತ್ತು ಸೆಕೆಂಡಿನ ಜಾಹೀರಾತಿಗೆ ಬ್ರೀಫ್ ಬರೆಯುವುದು

ಪ್ರಶ್ನೆ: ಶಿವಮೊಗ್ಗದಲ್ಲಿ ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು ಮಾಡಿ ಪ್ಯಾಕೆಟ್‌ನಲ್ಲಿ ಮಾರುತ್ತೇವೆ. ಈಚೆಗೆ ಜಿಪ್ ಇರುವ ದಪ್ಪ ಪೊಟ್ಟಣಕ್ಕೆ ಬದಲಾಯಿಸಿದ್ದೇವೆ. ಮೂವತ್ತು ಸೆಕೆಂಡಿನ ವಿಡಿಯೊ ಜಾಹೀರಾತು ಮಾಡಿಸಬೇಕೆಂದು ಹೋದರೆ ಏಜೆನ್ಸಿಯವರು ‘ಮೊದಲು ಬ್ರೀಫ್ ಕೊಡಿ’ ಎನ್ನುತ್ತಾರೆ. ಅದರಲ್ಲಿ ಏನು ಬರೆಯಬೇಕು?

ನಾನು ಹಲವು ವರ್ಷ ಏಜೆನ್ಸಿಯಲ್ಲಿ ಕನ್ನಡ ಜಾಹೀರಾತುಗಳನ್ನು ಬರೆದು, ಈಗ ಸಣ್ಣ ಉದ್ಯಮಗಳ ಪರವಾಗಿ ಬ್ರೀಫ್, ಅಂದರೆ ಜಾಹೀರಾತು ಯಾರಿಗೆ ಏನು ಹೇಳಬೇಕೆಂದು ಏಜೆನ್ಸಿಗೆ ತಿಳಿಸುವ ಬರಹ, ಬರೆದುಕೊಡುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಜಿಪ್ ಪೊಟ್ಟಣ. ನೀವು ಅದನ್ನು ಪಕ್ಕದ ಮಾತೆಂಬಂತೆ ಹೇಳಿದ್ದೀರಿ, ಆದರೆ ನಿಮ್ಮ ಬ್ರೀಫ್ ಅದರಿಂದಲೇ ಶುರುವಾಗಬೇಕು ಎಂದು ನನಗೆ ತೋರುತ್ತದೆ.

ಮೂವತ್ತು ಸೆಕೆಂಡಿನಲ್ಲಿ ಒಂದು ಮಾತು ಮಾತ್ರ ನೋಡುಗರ ಮನಸ್ಸಿಗೆ ಇಳಿಯುತ್ತದೆ. ನಾನು ಕೆಲಸ ಮಾಡಿದ ಒಂದು ಕುರುಕಲು ತಿಂಡಿಯ ಜಾಹೀರಾತಿನಲ್ಲಿ ಮಾಲೀಕರು ರುಚಿ, ಶುಚಿ, ಕಡಿಮೆ ಬೆಲೆ, ಹಳೆಯ ಕಾಲದ ಕೈಗುಣ, ಹತ್ತು ಬಗೆಯ ತಿಂಡಿ ಎಂದು ಎಲ್ಲವನ್ನೂ ಬ್ರೀಫಿನಲ್ಲಿ ಬರೆಸಿದ್ದರು. ನಾವು ಅವನ್ನೆಲ್ಲ ಒಬ್ಬ ಅಜ್ಜಿಯ ಬಾಯಿಂದ ಹೇಳಿಸಿದೆವು. ಒಂದು ತಿಂಗಳು ಕಳೆದು ಅಂಗಡಿಗಳಲ್ಲಿ ವಿಚಾರಿಸಿದಾಗ ಜನರಿಗೆ ಅಜ್ಜಿ ನೆನಪಿದ್ದಳು, ಆದರೆ ತಿಂಡಿಯ ಹೆಸರು ಕೇಳಿದರೆ ಹಲವರು ಪ್ರತಿಸ್ಪರ್ಧಿಯ ಹೆಸರನ್ನು ಹೇಳಿದರು. ಅಂದಿನಿಂದ ನಾನು ಬರೆಯುವ ಬ್ರೀಫುಗಳಲ್ಲಿ ‘ಅಜ್ಜಿ ಬೇಡ, ತೊಟ್ಟಿಮನೆ ಬೇಡ’ ಎಂಬ ಸಾಲು ತಪ್ಪದೆ ಇರುತ್ತದೆ.

ಆ ಒಂದು ಮಾತನ್ನು ಹುಡುಕಬೇಕಾದ್ದು ಗಿರಾಕಿಯ ಅನುಮಾನದಲ್ಲಿ. ನಿಮ್ಮ ಕಡೆಯ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಒಂದು ಸಂಜೆ ನಿಂತು ನೋಡಿ: ಗಾಜಿನ ಭರಣಿಯಿಂದ ತೂಗಿಸಿಕೊಂಡು ಹೋಗುವವರು ಪ್ಯಾಕೆಟ್ಟನ್ನು ಏಕೆ ಮುಟ್ಟುವುದಿಲ್ಲ ಎಂದು ಅವರನ್ನೇ ಕೇಳಿ. ‘ಎಷ್ಟು ದಿನದ್ದೋ ಏನೋ’, ‘ಎಣ್ಣೆ ಕಮಟು ಬಂದಿರುತ್ತದೆ’, ‘ತೆರೆದ ಮಾರನೆಯ ದಿನಕ್ಕೆ ಮೆತ್ತಗಾಗುತ್ತದೆ’ ಎಂಬಂಥ ಉತ್ತರಗಳು ಬರುವ ಸಾಧ್ಯತೆಯೇ ಹೆಚ್ಚು. ಮಲೆನಾಡಿನ ಮಳೆಗಾಲದಲ್ಲಿ ಈ ಮೂರನೆಯ ದೂರಿಗೆ ತೂಕ ಹೆಚ್ಚು, ಏಕೆಂದರೆ ಕರಿದ ತಿಂಡಿ ಗಾಳಿಯ ತೇವವನ್ನು ಹೀರಿಕೊಂಡು ಗರಿಗರಿತನ ಕಳೆದುಕೊಳ್ಳುವುದು ಆಗಲೇ. ನಿಮ್ಮ ಜಿಪ್ ಪೊಟ್ಟಣ ಉತ್ತರಿಸುವುದೂ ಇದಕ್ಕೇ. ಹಾಗಾಗಿ ಬ್ರೀಫಿನ ನಡುಗಂಬ ಹೀಗಿರಲಿ: ‘ಮಳೆಗಾಲದಲ್ಲೂ ಈ ಪೊಟ್ಟಣದ ಕೊನೆಯ ಕೋಡುಬಳೆ ಮೊದಲನೆಯದರಷ್ಟೇ ಗರಿಗರಿಯಾಗಿರುತ್ತದೆ.’ ಚಕ್ಕುಲಿ, ನಿಪ್ಪಟ್ಟು ಈ ಜಾಹೀರಾತಿನಲ್ಲಿ ಬರಬಾರದು. ಅವನ್ನು ಬಿಡುವುದು ನಿಮಗೆ ಕಷ್ಟವಾಗುತ್ತದೆಂದು ಬಲ್ಲೆ, ಆದರೂ ಬಿಡಿ.

ಈ ಮಾತನ್ನು ಬರೆಯುವ ಮೊದಲು ಅದು ನಿಜವೇ ಎಂದು ನೀವೇ ಪರೀಕ್ಷಿಸಬೇಕು. ತೇವವಿರುವ ದಿನಗಳಲ್ಲಿ ಹತ್ತು ಪೊಟ್ಟಣಗಳನ್ನು ತೆರೆದು, ದಿನಕ್ಕೆರಡು ಬಾರಿ ಜಿಪ್ ಬಿಚ್ಚಿ ಹಾಕಿ, ಪ್ರತಿದಿನ ಒಂದೊಂದರಿಂದ ಕೋಡುಬಳೆ ತೆಗೆದು ಮುರಿದು ನೋಡಿ. ಸದ್ದಿಲ್ಲದೆ ಬಾಗಿ ಮುರಿದರೆ ಅಂದಿಗೆ ಅದರ ಕಥೆ ಮುಗಿದಂತೆ. ಐದನೆಯ ದಿನಕ್ಕೇ ಹಾಗಾದರೆ ಜಾಹೀರಾತಿನಲ್ಲಿ ‘ವಾರವಿಡೀ’ ಎಂಬ ಪದ ಬರಕೂಡದು, ಮತ್ತು ಎಷ್ಟು ದಿನ ತಡೆಯಿತೆಂಬ ಲೆಕ್ಕವನ್ನು ಬ್ರೀಫಿಗೆ ಲಗತ್ತಿಸಬೇಕು. ಒಳಗಿನ ಕೋಡುಬಳೆ ಸರಿಯಾಗಿ ಬೆಂದಿರದಿದ್ದರೆ, ಅಂದರೆ ಎಣ್ಣೆಯ ನೊರೆ ಪೂರ್ತಿ ಅಡಗುವ ಮೊದಲೇ ತೆಗೆದಿದ್ದರೆ, ಎಂಥ ಪೊಟ್ಟಣವೂ ಅದನ್ನು ಉಳಿಸಲಾರದು. ಅದು ಜಾಹೀರಾತು ಸರಿಪಡಿಸಬಲ್ಲ ದೋಷವಲ್ಲ.

ಇನ್ನು ಕಾಲದ ಲೆಕ್ಕ. ಕನ್ನಡದ ಪದಗಳು ಪ್ರತ್ಯಯಗಳನ್ನು ಹೊತ್ತು ಉದ್ದವಾಗಿರುವುದರಿಂದ ಇಂಗ್ಲಿಷಿನ ಪದಗಳ ಎಣಿಕೆ ಇಲ್ಲಿ ನಡೆಯುವುದಿಲ್ಲ. ತಿಂಡಿ ಮುರಿಯುವ ಸದ್ದಿಗೂ ಕೊನೆಯ ಪೊಟ್ಟಣದ ಚಿತ್ರಕ್ಕೂ ಜಾಗ ಬಿಟ್ಟರೆ ಮೂವತ್ತೈದು ನಲವತ್ತು ಪದಗಳಷ್ಟು ಮಾತು ಹಿಡಿಯುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ‘ಒಟ್ಟು ಮಾತು ನಲವತ್ತು ಪದ ಮೀರಬಾರದು’ ಎಂದು ಬ್ರೀಫಿನಲ್ಲೇ ಬರೆಯಿರಿ. ಏಜೆನ್ಸಿ ಸ್ಕ್ರಿಪ್ಟ್ ತಂದಾಗ ಗಡಿಯಾರ ಹಿಡಿದು ಗಟ್ಟಿಯಾಗಿ ಓದಿಸಿ. ಓದುವವರು ಉಸಿರು ತೆಗೆದುಕೊಳ್ಳಲು ಪರದಾಡಿದರೆ ಪದ ಕಡಿಸಿ. ಯೂಟ್ಯೂಬಿನಲ್ಲಿ ದಾಟಿಸಬಹುದಾದ ಜಾಹೀರಾತನ್ನು ನೋಡುಗರು ಐದು ಸೆಕೆಂಡಿಗೆ ದಾಟಿಸಿಬಿಡಬಹುದಾದ್ದರಿಂದ, ಮುರಿಯುವ ಸದ್ದೂ ನಿಮ್ಮ ಹೆಸರೂ ಅಷ್ಟರೊಳಗೆ ಬರಬೇಕೆಂಬುದೂ ಷರತ್ತಾಗಿರಲಿ. ಆ ಸದ್ದನ್ನು ಚಿತ್ರೀಕರಣದ ಗದ್ದಲದಲ್ಲಿ ಹಿಡಿಯದೆ, ನಿಶ್ಶಬ್ದವಾದ ಕೋಣೆಯಲ್ಲಿ ಮೈಕಿನ ಹತ್ತಿರವೇ ಮುರಿದು ಬೇರೆಯಾಗಿ ರೆಕಾರ್ಡ್ ಮಾಡಬೇಕೆಂದು ಕೇಳಿ. ಮೊಬೈಲಿನಲ್ಲಿ ಸದ್ದು ನಿಲ್ಲಿಸಿ ನೋಡುವವರೂ ಇರುವುದರಿಂದ, ಮುರಿದಾಗ ಸಿಡಿಯುವ ಪುಡಿ ಕಣ್ಣಿಗೂ ಕಾಣಬೇಕು.

ಪರದೆಯ ಮೇಲಿನ ಕನ್ನಡದ ಬಗ್ಗೆ ಒಂದು ಪ್ಯಾರಾ ಇರಲೇಬೇಕು. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಚದುರುತ್ತವೆ, ಅರ್ಕಾವತ್ತು ದಿಕ್ಕು ತಪ್ಪುತ್ತದೆ. ಕನ್ನಡ ಬಾರದ ಎಡಿಟರ್‌ಗೆ ಅದು ತಿಳಿಯುವುದೂ ಇಲ್ಲ. ಆದ್ದರಿಂದ ಅಂತಿಮ ಪ್ರತಿಯನ್ನು ನಿಮ್ಮ ಕಡೆಯ ಕನ್ನಡ ಬಲ್ಲ ಒಬ್ಬರು ಮೊಬೈಲ್ ಪರದೆಯಲ್ಲೇ ಓದಿ ಒಪ್ಪಬೇಕೆಂದು ಹೆಸರು ಹಾಕಿ ಬರೆಯಿರಿ. ಸ್ಕ್ರಿಪ್ಟನ್ನು ಮೊದಲಿಗೆ ಕನ್ನಡದಲ್ಲೇ ಬರೆಯಬೇಕೆಂದೂ ಹೇಳಿ. ‘ಗರಿಗರಿತನವನ್ನು ಆನಂದಿಸಿ’ ಎಂಬ ಸಾಲು ಬಂದರೆ ಅದು ಬೇರೆ ಭಾಷೆಯಿಂದ ಇಳಿದದ್ದೆಂದು ತಿಳಿಯಿರಿ.

ಕೆಲವು ಪದಗಳನ್ನು ಕಾನೂನೇ ತಡೆಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯ ಪ್ರಕಾರ, ತಪ್ಪು ಭಾವನೆ ಮೂಡಿಸುವಂತೆ ‘ಮನೆಯಲ್ಲಿ ಮಾಡಿದ್ದು’ ಎನ್ನುವಂತಿಲ್ಲ, ಮತ್ತು ತಾಜಾ, ಶುದ್ಧ, ಸಾಂಪ್ರದಾಯಿಕ ಎಂಬಂಥ ಪದಗಳ ಬಳಕೆಗೆ ಷರತ್ತುಗಳಿವೆ. ಅಜ್ಜಿ ಬೇಡವೆಂದದ್ದಕ್ಕೆ ಇದು ಎರಡನೆಯ ಕಾರಣ: ಕಾರ್ಖಾನೆಯ ತಿಂಡಿಯನ್ನು ಅಜ್ಜಿಯ ಕೈಯಲ್ಲಿ ಕರಿಸಿ ತೋರಿಸಿದರೆ, ಬಾಯಲ್ಲಿ ಹೇಳದಿದ್ದರೂ ಅದೇ ಅರ್ಥ ಹೊರಡುತ್ತದೆ. ಸಿನಿಮಾ ಹಾಡಿನ ಧಾಟಿ ಬೇಕೆನಿಸಿದರೆ ಹಕ್ಕುದಾರರ ಅನುಮತಿಗೆ ಹಣ ಕೊಡಬೇಕಾಗುತ್ತದೆ, ಆ ಆಸೆಯನ್ನು ಬಿಡುವುದೇ ಅಗ್ಗ.

ಇಷ್ಟನ್ನೂ ಒಂದು ಪುಟಕ್ಕೆ ಇಳಿಸಿದಾಗ ಬ್ರೀಫಿನ ಮುಖ್ಯ ಭಾಗ ಹೀಗೆ ಓದಿಸಿಕೊಳ್ಳುತ್ತದೆ: ‘ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸಂಜೆಯ ಕಾಫಿಗೆ ಅಂಗಡಿಯಿಂದ ಬಿಡಿ ಕೋಡುಬಳೆ ತರುವ ಮನೆಯವರಿಗೆ ಪ್ಯಾಕೆಟ್ಟಿನದು ಬೇಗ ಮೆತ್ತಗಾಗುತ್ತದೆಂಬ ಅನುಮಾನವಿದೆ. ನಮ್ಮ ಜಿಪ್ ಪೊಟ್ಟಣದ ಕೋಡುಬಳೆ ಮಳೆಗಾಲದಲ್ಲೂ ಕೊನೆಯವರೆಗೆ ಗರಿಗರಿಯಾಗಿರುತ್ತದೆಂದು ಅವರು ನಂಬಿ, ಮುಂದಿನ ಸಲ ಒಂದು ಪೊಟ್ಟಣ ಕೊಂಡು ನೋಡಬೇಕು. ಪುರಾವೆಯಾಗಿ ನಮ್ಮ ಪರೀಕ್ಷೆಯ ಲೆಕ್ಕ ಲಗತ್ತಿಸಿದೆ. ಧಾಟಿ ಮಳೆಗಾಲದ ಮನೆಯೊಳಗಿನ ತಮಾಷೆಯದಾಗಿರಲಿ, ಹಳೆಯ ದಿನಗಳ ಹಂಬಲದ್ದಲ್ಲ. ಕೊನೆಯ ನಾಲ್ಕು ಸೆಕೆಂಡು ಪೊಟ್ಟಣ ಮಾತ್ರ ಕಾಣಬೇಕು.’ ದೃಶ್ಯಗಳನ್ನು ನೀವು ಬರೆಯಬೇಡಿ, ನೀವು ಹಣ ಕೊಡುವುದು ಏಜೆನ್ಸಿ ಅದನ್ನು ಯೋಚಿಸಲೆಂದೇ.

ಉಳಿದದ್ದು ಕೆಲವೇ ಸಾಲು: ಮುಚ್ಚಿಡದೆ ಹೇಳಿದ ಬಜೆಟ್, ಟಿವಿಗೆ ಅಡ್ಡ ಮತ್ತು ಮೊಬೈಲಿಗೆ ಲಂಬ ಆಕಾರದ ಪ್ರತಿಗಳು, ಹತ್ತು ಸೆಕೆಂಡಿನ ಒಂದು ತುಣುಕು. ಜೂನ್ ಮೊದಲ ವಾರಕ್ಕೆ ಪ್ರಸಾರವಾಗಬೇಕಾದರೆ ಬ್ರೀಫ್ ಮಾರ್ಚ್‌ನಲ್ಲೇ ಏಜೆನ್ಸಿಯ ಕೈಯಲ್ಲಿರಲಿ. ಪೊಟ್ಟಣದ ಪರೀಕ್ಷೆಗಂತೂ ನಿಜವಾದ ಮಳೆಯೇ ಬೇಕಾದ್ದರಿಂದ, ಅದನ್ನು ಹಿಂದಿನ ಮಳೆಗಾಲದಲ್ಲೇ ಮುಗಿಸಿಟ್ಟುಕೊಳ್ಳಿ.